ಪ್ರಬಂಧಕ್ಕೆ ಹುಡುಕಿದರೆ ಸಿಗುವ ಹೆಸರಿಡುವುದು ಹೇಗೆ? ಶೀರ್ಷಿಕೆ ಮತ್ತು ಕೀಲಿಪದಗಳನ್ನು ತಿದ್ದುವ ಬಗೆ

ಸಂಶೋಧನಾ ಪ್ರಬಂಧವನ್ನು ಪತ್ರಿಕೆಗೆ ಕಳುಹಿಸುವ ಹಿಂದಿನ ರಾತ್ರಿ, ಅಂಕಿಅಂಶ, ಕೋಷ್ಟಕ, ಉಲ್ಲೇಖಗಳೆಲ್ಲ ಸರಿಯಾದ ಮೇಲೆ, ಉಳಿದ ಹತ್ತು ನಿಮಿಷದಲ್ಲಿ ಕೀಲಿಪದಗಳನ್ನು ಬರೆಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ಶೀರ್ಷಿಕೆಯಂತೂ ಅಧ್ಯಯನದ ಮೊದಲ ದಿನ ಇಟ್ಟದ್ದೇ ಉಳಿದಿರುತ್ತದೆ. ಆದರೆ ಪ್ರಬಂಧ ಬೇಕಾದವರು ಅದನ್ನು ತಲುಪುವುದು ಹುಡುಕುಪೆಟ್ಟಿಗೆಯ ಮೂಲಕ, ಮತ್ತು ಆ ಪೆಟ್ಟಿಗೆಗೆ ತಿಳಿದಿರುವುದು ನೀವು ಬರೆದಿಟ್ಟ ಪದಗಳು ಮಾತ್ರ. ಈ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಹೇಗೆ ಮಾಡಬಹುದು ಎಂಬುದನ್ನು ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ಉದಾಹರಣೆ ವಿವರಣೆಗೆಂದು ಕಟ್ಟಿಕೊಂಡದ್ದು; ಅದರಲ್ಲಿರುವ ತಪ್ಪುಗಳನ್ನು ಮಾತ್ರ ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ನಗರದ ಸಂಚಾರ ಪೊಲೀಸರ ಶ್ವಾಸಕೋಶದ ಸಾಮರ್ಥ್ಯವನ್ನು ಸ್ಪೈರೋಮೀಟರ್‌ನಿಂದ ಅಳೆದಿದ್ದಾರೆ ಎಂದಿಟ್ಟುಕೊಳ್ಳಿ. ಸಿಗ್ನಲ್‌ಗಳಲ್ಲಿ ನಿಂತು ಕೆಲಸ ಮಾಡಿದ ವರ್ಷಗಳಿಗೂ ಆ ಸಾಮರ್ಥ್ಯಕ್ಕೂ ಸಂಬಂಧವಿದೆಯೇ ಎಂಬುದು ಅವರ ಪ್ರಶ್ನೆ. ಗಂಡಸರೂ ಹೆಂಗಸರೂ ಅಧ್ಯಯನದಲ್ಲಿದ್ದಾರೆ. ಪ್ರತಿಯೊಬ್ಬರನ್ನೂ ಒಮ್ಮೆ ಮಾತ್ರ ಪರೀಕ್ಷಿಸಲಾಗಿದೆ. ಅವರು ಇಟ್ಟ ಶೀರ್ಷಿಕೆ ಹೀಗಿದೆ:

```
Breathless at the Crossroads: A Study from the Garden City
```

ಓದಲು ಚೆನ್ನಾಗಿದೆ. ಆದರೆ ಇದರಲ್ಲಿ ಪೊಲೀಸರಿಲ್ಲ, ಶ್ವಾಸಕೋಶವಿಲ್ಲ, ಬೆಂಗಳೂರೂ ಇಲ್ಲ. ‘ಉದ್ಯಾನ ನಗರಿ’ ಎಂದರೆ ಯಾವುದೆಂದು ನಮಗೆ ಗೊತ್ತು. ಬೇರೆ ದೇಶದ ಸಂಶೋಧಕರು ಆ ಹೆಸರಿನಿಂದ ಹುಡುಕುವುದಿಲ್ಲ.

ಯಾರು ಹುಡುಕುತ್ತಾರೆ?

ಶೀರ್ಷಿಕೆಯನ್ನು ಮುಟ್ಟುವ ಮೊದಲು, ಈ ಪ್ರಬಂಧ ಯಾರ ಕೈಗೆ ಸಿಗಲೇಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಆ ಓದುಗರು, ಸಂಚಾರ ಪೊಲೀಸರ ಉಸಿರಾಟದ ಆರೋಗ್ಯದ ಬಗ್ಗೆ ಬಂದಿರುವ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಕ್ರಮಬದ್ಧ ವಿಮರ್ಶೆ ಬರೆಯುತ್ತಿರುವವರು. ಅವರು ಕೆಲಸ ಮಾಡುವ ರೀತಿ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಅವರು ದೀರ್ಘವಾದ ಹುಡುಕುವಾಕ್ಯವನ್ನು ರಚಿಸಿ, ಸಿಕ್ಕ ನೂರಾರು, ಕೆಲವೊಮ್ಮೆ ಸಾವಿರಾರು ಶೀರ್ಷಿಕೆಗಳನ್ನು ಸಾಲಾಗಿ ಓದುತ್ತಾ, ಸಂಬಂಧವಿಲ್ಲವೆಂದು ಕಂಡದ್ದನ್ನು ಆ ಕ್ಷಣವೇ ಬಿಟ್ಟುಬಿಡುತ್ತಾರೆ. ಹಾಗಾಗಿ ನಿಮ್ಮ ಪ್ರಬಂಧ ಎರಡು ಬಾಗಿಲು ದಾಟಬೇಕು: ಮೊದಲು ಯಂತ್ರದ ಹುಡುಕಾಟಕ್ಕೆ ಸಿಗಬೇಕು, ಆಮೇಲೆ ಶೀರ್ಷಿಕೆಯ ಮೇಲೆ ಕಣ್ಣಾಡಿಸುವ ಮನುಷ್ಯನಿಗೆ ಇದು ತನಗೆ ಬೇಕಾದದ್ದು ಎನ್ನಿಸಬೇಕು.

ಪದಗಳನ್ನು ಸಂಗ್ರಹಿಸುವುದು

ಪದಗಳನ್ನು ತಲೆಯಿಂದ ತೆಗೆಯಬೇಡಿ. ನೀವೇ ಉಲ್ಲೇಖಿಸಿರುವ ಹತ್ತು ಹದಿನೈದು ಪ್ರಬಂಧಗಳನ್ನು ತೆರೆದು, ಅವುಗಳ ಶೀರ್ಷಿಕೆ ಮತ್ತು ಸಾರಾಂಶಗಳಲ್ಲಿ ಒಂದೇ ವಿಷಯಕ್ಕೆ ಯಾವ ಯಾವ ಪದಗಳಿವೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಒಬ್ಬರು ‘ಲಂಗ್ ಫಂಕ್ಷನ್’ ಎಂದಿದ್ದರೆ ಇನ್ನೊಬ್ಬರು ‘ಪಲ್ಮನರಿ ಫಂಕ್ಷನ್’ ಎಂದಿರುತ್ತಾರೆ, ಮತ್ತೊಬ್ಬರು ನೇರವಾಗಿ ‘ಸ್ಪೈರೋಮೆಟ್ರಿ’ ಎಂದು ಬರೆದಿರುತ್ತಾರೆ. ಇದಾದ ಮೇಲೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮೆಶ್ ಪದಕೋಶದಲ್ಲಿ ಅವುಗಳನ್ನು ಒಂದೊಂದಾಗಿ ಹುಡುಕಿ. ಅಲ್ಲಿ ಒಂದು ವಿಷಯಕ್ಕೆ ಒಂದು ಅಧಿಕೃತ ಶಿರೋನಾಮೆ ಇದ್ದು, ಅದರ ಕೆಳಗೆ ಜನ ಬಳಸುವ ಪರ್ಯಾಯ ಪದಗಳ ಪಟ್ಟಿ ಇರುತ್ತದೆ. ಶ್ವಾಸಕೋಶದ ಪರೀಕ್ಷೆಗಳಿಗೆ ಅಲ್ಲಿರುವ ಶಿರೋನಾಮೆ `Respiratory Function Tests`. ಮೆಶ್ ಶಿರೋನಾಮೆಯನ್ನು ನಿಮ್ಮ ಪ್ರಬಂಧಕ್ಕೆ ಹಚ್ಚುವುದು ಆ ಗ್ರಂಥಾಲಯವೇ ಹೊರತು ನೀವಲ್ಲ. ಆದರೂ ಪರ್ಯಾಯ ಪದಗಳ ಪಟ್ಟಿ ನಿಮಗೆ ಹೊಳೆಯದ ಪದಗಳನ್ನು ಕೊಡುತ್ತದೆ. ಕೆಲವು ಪತ್ರಿಕೆಗಳು ಕೀಲಿಪದಗಳನ್ನು ಮೆಶ್‌ನಿಂದಲೇ ಆರಿಸಬೇಕೆಂದು ಕೇಳುತ್ತವೆ, ಅದನ್ನು ಮೊದಲೇ ನೋಡಿಕೊಳ್ಳಿ.

ನಮ್ಮ ಊರಿನ ಹೆಸರಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಅಧಿಕೃತವಾಗಿ ‘ಬೆಂಗಳೂರು’ ಎಂದಾಯಿತು. ಅದಕ್ಕೂ ಹಿಂದಿನ ದಶಕಗಳ ಪ್ರಬಂಧಗಳಲ್ಲಿ ಇರುವುದು ‘ಬ್ಯಾಂಗಲೋರ್’, ಮತ್ತು ಹೊರಗಿನವರಲ್ಲಿ ಅನೇಕರು ಇಂದಿಗೂ ಅದನ್ನೇ ಟೈಪ್ ಮಾಡುತ್ತಾರೆ. ಆದ್ದರಿಂದ ಒಂದು ರೂಪ ಶೀರ್ಷಿಕೆಯಲ್ಲಿ, ಇನ್ನೊಂದು ಕೀಲಿಪದಗಳಲ್ಲಿ ಇರಲಿ. ‘ಲೇಖಕರ ವಿಳಾಸದಲ್ಲಿ ಊರಿನ ಹೆಸರು ಇದ್ದೇ ಇದೆಯಲ್ಲ’ ಎಂದು ಕೆಲವರು ಕೇಳುತ್ತಾರೆ. ಪಬ್‌ಮೆಡ್‌ನಲ್ಲಿ ಬರೀ ಊರಿನ ಹೆಸರು ಹಾಕಿದರೆ ವಿಳಾಸವೂ ಹುಡುಕಾಟಕ್ಕೆ ಸಿಗುತ್ತದೆ ನಿಜ. ಅದರಿಂದಲೇ ಬೆಂಗಳೂರಿನಲ್ಲಿ ಕುಳಿತು ಬೇರೆಲ್ಲಿಯದೋ ವಿಷಯದ ಮೇಲೆ ಬರೆದ ಪ್ರಬಂಧಗಳೆಲ್ಲ ರಾಶಿಬೀಳುತ್ತವೆ. ಅನುಭವಿಗಳು ಆ ರಾಶಿಯನ್ನು ತಪ್ಪಿಸಲು `Bengaluru[tiab]` ಎಂದು ಬರೆದು, ಹುಡುಕಾಟವನ್ನು ಶೀರ್ಷಿಕೆ, ಸಾರಾಂಶ ಮತ್ತು ಲೇಖಕರು ಕೊಟ್ಟ ಕೀಲಿಪದಗಳಿಗೆ ಸೀಮಿತಗೊಳಿಸುತ್ತಾರೆ. ಆಗ ವಿಳಾಸದಲ್ಲಿರುವ ಊರು ಲೆಕ್ಕಕ್ಕೆ ಬರುವುದಿಲ್ಲ.

ಓದುಗರ ಜಾಗದಲ್ಲಿ ಕುಳಿತು ಹುಡುಕುವುದು

ಈಗ ಸಂಗ್ರಹಿಸಿದ ಪದಗಳಿಂದ, ಆ ವಿಮರ್ಶಕರು ಬರೆಯಬಹುದಾದ ಹುಡುಕುವಾಕ್ಯವನ್ನು ನೀವೇ ಬರೆದು ಪಬ್‌ಮೆಡ್‌ಗೆ ಹಾಕಿ:

```
"traffic police"[tiab] AND ("lung function"[tiab]
OR "pulmonary function"[tiab] OR spirometry[tiab])
```

ಬಂದ ಪಟ್ಟಿಯ ಮೊದಲ ಇಪ್ಪತ್ತು ಶೀರ್ಷಿಕೆಗಳನ್ನು ನಿಧಾನವಾಗಿ ಓದಿ. ಅವು ನಿಮ್ಮ ಪ್ರಬಂಧದ ನೆರೆಹೊರೆಯವೇ ಆಗಿದ್ದರೆ ಪದಗಳು ಸರಿ ಇವೆ. ನೀವು ಉಲ್ಲೇಖಿಸಿದ ಮುಖ್ಯ ಪ್ರಬಂಧವೇ ಪಟ್ಟಿಯಲ್ಲಿ ಕಾಣದಿದ್ದರೆ ಅದನ್ನು ತೆರೆದು, ಯಾವ ಪದದಿಂದ ತಪ್ಪಿಹೋಯಿತು ಎಂದು ಹುಡುಕಿ. ಅನೇಕ ಬಾರಿ ಕಾರಣ ತೀರಾ ಸಣ್ಣದು: ಉದ್ಧರಣ ಚಿಹ್ನೆಯೊಳಗಿನ `"traffic police"` ಎಂಬುದಕ್ಕೆ `traffic policemen` ಎಂದಷ್ಟೇ ಬರೆದಿರುವ ಪ್ರಬಂಧ ಸಿಗುವುದಿಲ್ಲ. ನಿಮ್ಮ ಹಳೆಯ ಶೀರ್ಷಿಕೆಯನ್ನು ಇದೇ ವಾಕ್ಯದ ಪಕ್ಕದಲ್ಲಿಟ್ಟು ನೋಡಿ. ಸಾರಾಂಶದಲ್ಲಿ ಈ ಪದಗಳಿದ್ದರೆ ಪ್ರಬಂಧ ಪಟ್ಟಿಗೆ ಬಂದೀತು, ಆದರೆ ಎರಡನೆಯ ಬಾಗಿಲಲ್ಲಿ, ಶೀರ್ಷಿಕೆಗಳನ್ನು ಓದುವವರ ಕಣ್ಣಿಗೆ, ಉಸಿರುಗಟ್ಟಿದ ಕವಲುದಾರಿಯಾಗಿಯಷ್ಟೇ ಕಂಡು ಹಿಂದೆ ಉಳಿಯಬಹುದು.

ಶೀರ್ಷಿಕೆಯನ್ನು ಹೊಸದಾಗಿ ಬರೆಯುವುದು

ಏನನ್ನು ಅಳೆದಿರಿ, ಯಾವುದರೊಂದಿಗೆ ಹೋಲಿಸಿದಿರಿ, ಯಾರಲ್ಲಿ, ಎಲ್ಲಿ, ಯಾವ ವಿಧಾನದಿಂದ ಎಂಬಿಷ್ಟನ್ನು ಒಂದೇ ಉಸಿರಿನಲ್ಲಿ ಬರೆದರೆ ಶೀರ್ಷಿಕೆಯ ಕರಡು ಸಿದ್ಧವಾಗುತ್ತದೆ:

```
Lung function and years of service among traffic police
in Bengaluru, India: a cross-sectional study
```

ಅಳೆದ ಸಂಗತಿಯೇ ಮೊದಲು ಬಂದಿರುವುದನ್ನು ಗಮನಿಸಿ. ‘ಎ ಸ್ಟಡಿ ಆಫ್’ ಎಂಬಂಥ, ಯಾವ ಪ್ರಬಂಧಕ್ಕೂ ಹೊಂದುವ ಪದಗಳು ಹೋಗಿವೆ. ಕೊನೆಯಲ್ಲಿ ಅಧ್ಯಯನದ ಮಾದರಿ ಬಂದಿದೆ. ವೀಕ್ಷಣಾ ಅಧ್ಯಯನಗಳನ್ನು ವರದಿ ಮಾಡಲು ಬಳಸುವ ಸ್ಟ್ರೋಬ್ ಮಾರ್ಗಸೂಚಿಯ ಮೊದಲ ಅಂಶವೇ, ಮಾದರಿಯನ್ನು ಎಲ್ಲರೂ ಬಳಸುವ ಪದದಲ್ಲಿ ಶೀರ್ಷಿಕೆಯಲ್ಲಾಗಲಿ ಸಾರಾಂಶದಲ್ಲಾಗಲಿ ಹೇಳಬೇಕು ಎನ್ನುತ್ತದೆ. `Effect of` ಎಂಬ ಆಸೆ ಇಲ್ಲಿ ಬರುವುದು ಸಹಜ. ಆದರೆ ಒಮ್ಮೆ ಮಾತ್ರ ಪರೀಕ್ಷಿಸಿದ ಅಧ್ಯಯನ ಪರಿಣಾಮವನ್ನು ಸಾಬೀತುಮಾಡುವುದಿಲ್ಲ, ಸಂಬಂಧವನ್ನಷ್ಟೇ ತೋರಿಸುತ್ತದೆ, ಆದ್ದರಿಂದ ಆ ಪದ ಬೇಡ. ಕವಿತ್ವದ ಸಾಲು ಬಿಡಲು ಮನಸ್ಸೇ ಬಾರದಿದ್ದರೆ ಅದನ್ನು ಭಾಷಣಕ್ಕೋ ಪೋಸ್ಟರಿಗೋ ಇಟ್ಟುಕೊಳ್ಳಿ.

ಕೀಲಿಪದಗಳು: ಸೇರಿಸುವುದಕ್ಕಿಂತ ಬಿಡುವುದು ಕಷ್ಟ

ಸ್ಕೋಪಸ್, ವೆಬ್ ಆಫ್ ಸೈನ್ಸ್‌ಗಳ ವಿಷಯ ಹುಡುಕಾಟ ಶೀರ್ಷಿಕೆ, ಸಾರಾಂಶ, ಕೀಲಿಪದಗಳನ್ನು ಒಟ್ಟಿಗೇ ನೋಡುತ್ತದೆ. ಶೀರ್ಷಿಕೆಯಲ್ಲಿರುವ ಪದವನ್ನು ಮತ್ತೆ ಕೀಲಿಪದವಾಗಿ ಬರೆದರೆ ಅಲ್ಲಿ ಹೊಸ ಓದುಗರು ಯಾರೂ ಸಿಗುವುದಿಲ್ಲ. ಪತ್ರಿಕೆ ಕೊಡುವ ಐದಾರು ಜಾಗಗಳನ್ನು ಶೀರ್ಷಿಕೆಗೆ ಬಾರದ ಪರ್ಯಾಯ ಪದಗಳಿಗೆ ಮೀಸಲಿಡಿ:

```
Bangalore; pulmonary function; spirometry;
FEV1; occupational exposure
```

ನಮ್ಮ ವಿದ್ಯಾರ್ಥಿನಿಯ ಮೊದಲ ಪಟ್ಟಿಯಲ್ಲಿ `PM2.5` ಮತ್ತು `air pollution` ಎರಡೂ ಇದ್ದವು ಎಂದಿಟ್ಟುಕೊಳ್ಳಿ. ಹೆಚ್ಚು ಜನ ಹುಡುಕುವ ಪದಗಳು ಅವು, ಬಿಡಲು ಮನಸ್ಸಾಗುವುದಿಲ್ಲ. ಆದರೆ ಈ ಅಧ್ಯಯನದಲ್ಲಿ ಗಾಳಿಯಲ್ಲಿನ ಸೂಕ್ಷ್ಮ ಕಣಗಳನ್ನು ಯಾರೂ ಅಳೆದಿಲ್ಲ. ಸೇವೆಯ ವರ್ಷಗಳನ್ನೇ ಮಾಲಿನ್ಯಕ್ಕೆ ಒಡ್ಡಿಕೊಂಡದ್ದರ ಅಳತೆಗೋಲಾಗಿ ಇಟ್ಟುಕೊಳ್ಳಲಾಗಿದೆ. `PM2.5` ಹುಡುಕಿಕೊಂಡು ಬಂದವರು ಕೋಷ್ಟಕಗಳಲ್ಲಿ ಮೈಕ್ರೋಗ್ರಾಂಗಳ ಲೆಕ್ಕ ಹುಡುಕುತ್ತಾರೆ, ಸಿಗದೆ ಮರಳುತ್ತಾರೆ, ಅವರ ಸಮಯ ಹಾಳಾಗುತ್ತದೆ. ಅದನ್ನು ಬಿಟ್ಟು ವೃತ್ತಿಯಿಂದ ಒದಗುವ ಸಂಪರ್ಕವನ್ನು ಸೂಚಿಸುವ `occupational exposure` ಇಡುವುದೇ ನ್ಯಾಯ. ಮಾಲಿನ್ಯದ ಮಾತು ಸಾರಾಂಶದಲ್ಲಿ, ಅಧ್ಯಯನಕ್ಕೆ ಕಾರಣ ಹೇಳುವ ವಾಕ್ಯದಲ್ಲಿ ಬರಲಿ, ಅದರ ಜೊತೆಗೇ ಸೇವೆಯ ವರ್ಷಗಳನ್ನು ಬಳಸಿದ್ದೇವೆ ಎಂಬುದೂ ಬರಲಿ. `policemen` ಎಂಬ ಪದವನ್ನೂ ಇದೇ ಕಾರಣಕ್ಕೆ ಕೈಬಿಡಬೇಕು, ಏಕೆಂದರೆ ಅಧ್ಯಯನದಲ್ಲಿ ಮಹಿಳಾ ಸಿಬ್ಬಂದಿಯೂ ಇದ್ದಾರೆ. ಪ್ರತಿ ಕೀಲಿಪದದ ಮುಂದೆ ‘ಈ ಪದದಿಂದ ಬಂದವರಿಗೆ ಯಾವ ಕೋಷ್ಟಕ ತೋರಿಸುತ್ತೇನೆ?’ ಎಂದು ಕೇಳಿಕೊಳ್ಳುವುದನ್ನು ನಾನು ಅಭ್ಯಾಸ ಮಾಡಿಕೊಂಡಿದ್ದೇನೆ. ಉತ್ತರವಿಲ್ಲದ ಪದ ಪಟ್ಟಿಯಲ್ಲಿ ಉಳಿಯುವುದಿಲ್ಲ.

ಗೂಗಲ್ ಸ್ಕಾಲರ್‌ನ ನಡೆ ಬೇರೆ. ಅದು ಸಾಧ್ಯವಾದಲ್ಲೆಲ್ಲ ಪ್ರಬಂಧದ ಪೂರ್ಣ ಪಠ್ಯವನ್ನೇ ಓದುತ್ತದೆ. ಪ್ರಬಂಧವನ್ನು ಸಂಸ್ಥೆಯ ಭಂಡಾರಕ್ಕೆ ನೀವೇ ಏರಿಸುವುದಾದರೆ ಪಿಡಿಎಫ್‌ನಲ್ಲಿ ಅಕ್ಷರಗಳನ್ನು ಆಯ್ದು ನಕಲು ಮಾಡಲು ಬರುತ್ತದೆಯೇ ಎಂದು ಪರೀಕ್ಷಿಸಿ. ಸ್ಕ್ಯಾನ್ ಮಾಡಿದ ಚಿತ್ರವಾಗಿದ್ದರೆ ಹುಡುಕಾಟಕ್ಕೆ ಸಿಗುವುದು ಕಷ್ಟ. ಮೊದಲ ಪುಟದಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರಗಳಲ್ಲಿರುವುದು ಶೀರ್ಷಿಕೆಯೇ ಆಗಿರಲಿ, ಕಾಲೇಜಿನ ಹೆಸರಲ್ಲ.

ಯಾವಾಗ ತಿದ್ದಬಹುದು?

ಪತ್ರಿಕೆಗೆ ಸಲ್ಲಿಸುವ ಮೊದಲು ತಿದ್ದುವುದು ಅತಿ ಸುಲಭ. ಪರಿಶೀಲಕರ ಅಭಿಪ್ರಾಯಗಳು ಬಂದು ಪರಿಷ್ಕರಿಸುವಾಗಲೂ ತಿದ್ದಬಹುದು. ಏಕೆ ಬದಲಿಸಿದೆವು ಎಂದು ಸಂಪಾದಕರಿಗೆ ಬರೆಯುವ ಪತ್ರದಲ್ಲಿ ಎರಡು ಸಾಲು ಹೇಳಿ, ಸಲ್ಲಿಕೆಯ ಜಾಲತಾಣದಲ್ಲಿ ತುಂಬಿದ ಶೀರ್ಷಿಕೆಯನ್ನೂ ಬದಲಿಸಿ. ಕಡತದಲ್ಲಿ ಒಂದು, ಜಾಲತಾಣದಲ್ಲಿ ಇನ್ನೊಂದು ಉಳಿದುಹೋಗುವುದು ಆಗಾಗ ನಡೆಯುವ ತಪ್ಪು. ಪ್ರಕಟವಾದ ಮೇಲೆ ಶೀರ್ಷಿಕೆ ಬದಲಿಸಬೇಕಾದರೆ ಸಾಮಾನ್ಯವಾಗಿ ತಿದ್ದೋಲೆಯೇ ಬೇಕಾಗುತ್ತದೆ, ಹುಡುಕಾಟಕ್ಕೆ ಸಿಗಲಿ ಎಂಬ ಕಾರಣಕ್ಕೆ ಸಂಪಾದಕರು ಅದಕ್ಕೆ ಒಪ್ಪುವುದು ಕಡಿಮೆ. ಮೆಡ್‌ಆರ್ಕೈವ್‌ನಂಥ ಪ್ರಿಪ್ರಿಂಟ್ ತಾಣದಲ್ಲಿ ಮಾತ್ರ ಹೊಸ ಆವೃತ್ತಿಯೊಂದಿಗೆ ಹೊಸ ಶೀರ್ಷಿಕೆ ಕೊಡಲು ಬರುತ್ತದೆ.

ಸಲ್ಲಿಸುವ ದಿನ ಒಂದು ಕೊನೆಯ ಪರೀಕ್ಷೆ ಮಾಡಿ. ಬೇರೆ ವಿಭಾಗದ ಒಬ್ಬರಿಗೆ ಶೀರ್ಷಿಕೆ ಮತ್ತು ಕೀಲಿಪದಗಳನ್ನಷ್ಟೇ ಚೀಟಿಯಲ್ಲಿ ಬರೆದುಕೊಟ್ಟು, ಏನನ್ನು ಅಳೆದಿದ್ದೇವೆ, ಯಾರಲ್ಲಿ ಅಳೆದಿದ್ದೇವೆ ಎಂದು ಕೇಳಿ. ‘ಪೊಲೀಸರ ಉಸಿರಾಟದ ಶಕ್ತಿ, ಎಷ್ಟು ವರ್ಷ ಡ್ಯೂಟಿ ಮಾಡಿದ್ದಾರೆ ಅನ್ನೋದರ ಜೊತೆಗೆ’ ಎಂದರೆ ಚೀಟಿಯಲ್ಲಿರುವುದನ್ನು ಹಾಗೆಯೇ ಸಲ್ಲಿಸಿ. ‘ಗಾಳಿಯ ಮಾಲಿನ್ಯ ಅಳೆದಿದ್ದೀರಾ?’ ಎಂದು ಕೇಳಿದರೆ, ಹಾಗೆ ತಿಳಿಯುವಂತೆ ಮಾಡಿದ ಪದ ಯಾವುದೆಂದು ಅವರನ್ನೇ ಕೇಳಿ, ಅದನ್ನು ತೆಗೆಯಿರಿ.