ಏಪ್ರಿಲ್‌ನಲ್ಲಿ ಸಿಕ್ಕ 33 ಯೂನಿಟ್

ಕೋಲಾರದಲ್ಲಿ ನಮ್ಮದು ಒಂದು ಸಣ್ಣ ತಿಂಡಿ ಹೋಟೆಲ್. ವಾರಕ್ಕೆ ಎರಡು ಸಲ ಎಪಿಎಂಸಿ ಯಾರ್ಡಿಗೆ ಹೋಗಿ ಟೊಮ್ಯಾಟೊ ತರುತ್ತೇನೆ. ಹದಿನೈದು ಕೆಜಿ ಬಾಕ್ಸಿನ ರೇಟು ಈ ವಾರ ಇದ್ದ ಹಾಗೆ ಮುಂದಿನ ವಾರ ಇರುವುದಿಲ್ಲ. 2023ರ ಜುಲೈನಲ್ಲಿ ಒಂದು ಬಾಕ್ಸ್ ಎರಡು ಸಾವಿರ ದಾಟಿದ್ದನ್ನು ನೋಡಿದ್ದೇನೆ. ಕೀಳುವ ಕೂಲಿಯೂ ಹುಟ್ಟದೆ ರೈತರು ತಂದ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋದದ್ದನ್ನೂ ನೋಡಿದ್ದೇನೆ.

ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟುವ ಎಸ್‌ಐಪಿ ನನಗೆ ಅರ್ಥವಾದದ್ದು ಈ ಬಾಕ್ಸಿನ ಲೆಕ್ಕದಿಂದಲೇ. ಒಂದು ವಾರ ಬಾಕ್ಸ್ 600 ರೂಪಾಯಿ, ಮುಂದಿನ ವಾರ 200 ಅಂದುಕೊಳ್ಳಿ. ಹೋಟೆಲಿಗೆ ವಾರಕ್ಕೆ ಒಂದು ಬಾಕ್ಸ್ ಬೇಕೇ ಬೇಕು. ಹಾಗಾಗಿ ಎರಡು ಬಾಕ್ಸಿಗೆ 800 ಕೊಟ್ಟೆ, ಒಂದಕ್ಕೆ 400 ಬಿತ್ತು. ಈಗ ಬೇರೆ ರೀತಿ ಕೊಳ್ಳೋಣ. ಬಾಕ್ಸ್ ಎಷ್ಟು ಅಂತ ಕೇಳದೆ ಪ್ರತಿ ವಾರ 600 ರೂಪಾಯಿಯ ಮಾಲು ಕೊಂಡರೆ ಮೊದಲ ವಾರ ಒಂದು ಬಾಕ್ಸ್, ಎರಡನೇ ವಾರ ಮೂರು ಬಾಕ್ಸ್ ಬರುತ್ತದೆ. 1200 ರೂಪಾಯಿಗೆ ನಾಲ್ಕು ಬಾಕ್ಸ್, ಅಂದರೆ ಒಂದಕ್ಕೆ 300. ಮಾರುಕಟ್ಟೆಯ ಸರಾಸರಿ ರೇಟು 400, ನನಗೆ ಬಿದ್ದದ್ದು 300. ಅಗ್ಗವಾದಾಗ ಜಾಸ್ತಿ, ದುಬಾರಿಯಾದಾಗ ಕಡಿಮೆ ಕೊಳ್ಳುವ ಕೆಲಸ ತಾನಾಗಿಯೇ ಆಗುತ್ತದೆ. ರುಪಿ ಕಾಸ್ಟ್ ಆವರೇಜಿಂಗ್ ಅನ್ನುವುದು ಇದಕ್ಕೇ. ಟೊಮ್ಯಾಟೊದಲ್ಲಿ ಇದು ನಡೆಯುವುದಿಲ್ಲ, ಮೂರು ಬಾಕ್ಸ್ ತಂದರೆ ಎರಡು ಕೊಳೆಯುತ್ತದೆ. ಫಂಡಿನಲ್ಲಿ ನಾವು ಕೊಳ್ಳುವ ಪಾಲಿಗೆ ಯೂನಿಟ್ ಅನ್ನುತ್ತಾರೆ, ಅದು ಕೊಳೆಯುವುದಿಲ್ಲ.

ನಾನು 2019ರಲ್ಲಿ ಷೇರು ಮಾರುಕಟ್ಟೆಯ ನಿಫ್ಟಿ ಸೂಚ್ಯಂಕದ ಜೊತೆಗೇ ಏರಿಳಿಯುವ ಇಂಡೆಕ್ಸ್ ಫಂಡ್ ಒಂದರಲ್ಲಿ ತಿಂಗಳಿಗೆ 3,000 ರೂಪಾಯಿಯ ಎಸ್‌ಐಪಿ ಶುರು ಮಾಡಿದೆ. ಮಗಳ ಕಾಲೇಜಿಗೆ ಅಂತ. ಕಂತಿನ ದಿನ 5ನೇ ತಾರೀಖು ಇಟ್ಟದ್ದು ತಪ್ಪಾಯಿತು. ಅಂಗಡಿ ಬಾಡಿಗೆ ಹೋಗುವುದೂ ಅದೇ ದಿನ. ಆ ವರ್ಷ ಎರಡು ಸಲ ಖಾತೆಯಲ್ಲಿ ಹಣ ಸಾಲದೆ ಕಂತು ಬೌನ್ಸ್ ಆಯಿತು. ಫಂಡಿನವರು ಏನೂ ದಂಡ ಹಾಕಲಿಲ್ಲ, ಆ ತಿಂಗಳ ಯೂನಿಟ್ ಬರಲಿಲ್ಲ ಅಷ್ಟೇ. ಆದರೆ ಬ್ಯಾಂಕು ಪ್ರತಿ ಸಲ ಜಿಎಸ್‌ಟಿ ಸೇರಿಸಿ 295 ರೂಪಾಯಿ ಹಿಡಿದುಕೊಂಡಿತು. ಎರಡು ಸಲಕ್ಕೆ 590. ಈ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆಮೇಲೆ ಎರಡು ಬದಲಾವಣೆ ಮಾಡಿದೆ. ಕಂತಿನ ದಿನವನ್ನು 10ಕ್ಕೆ ತಂದೆ. ಬಾಡಿಗೆ, ಗ್ಯಾಸು ಯಾವುದೂ ಹೋಗದ ಬೇರೆ ಖಾತೆಗೆ ಎಸ್‌ಐಪಿ ಜೋಡಿಸಿ, ಅದರಲ್ಲಿ ಯಾವಾಗಲೂ ಮೂರು ಕಂತಿನಷ್ಟು, ಅಂದರೆ 9,000 ರೂಪಾಯಿ ಮುಂಗಡ ಇರುವಂತೆ ನೋಡಿಕೊಂಡೆ. ಯಾವ ತಾರೀಖಿಗೆ ಕಂತು ಇದ್ದರೆ ಲಾಭ ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಮಟ್ಟಿಗೆ ಖಾತೆಯಲ್ಲಿ ಹಣ ಇರುವ ತಾರೀಖೇ ಒಳ್ಳೆಯ ತಾರೀಖು. ರಜೆ ಬಂದರೆ ಹೇಗೂ ಅದು ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. 2020ರ ಏಪ್ರಿಲ್ 10 ಗುಡ್ ಫ್ರೈಡೇ ಆದ್ದರಿಂದ ನನಗೆ ಸಿಕ್ಕದ್ದು ಸೋಮವಾರ 13ರ ರೇಟು.

ಆ 2020ರ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಒಂದೇ ವರ್ಷದಲ್ಲಿ ಬಿದ್ದು ಎದ್ದ ವರ್ಷ ಅದು. ಒಂದು ಯೂನಿಟ್ಟಿನ ಬೆಲೆಗೆ ಎನ್‌ಎವಿ ಅನ್ನುತ್ತಾರೆ. ಪೈಸೆ ಬಿಟ್ಟು ಹೇಳಿದರೆ ನನ್ನ ಹನ್ನೆರಡು ಕಂತಿಗೆ ಸಿಕ್ಕ ಎನ್‌ಎವಿ ಜನವರಿಯಿಂದ ಹೀಗಿತ್ತು: 122, 120, 104, 90, 92, 101, 108, 113, 114, 119, 126, 135. ಜನವರಿಯಲ್ಲಿ 3,000ಕ್ಕೆ ಇಪ್ಪತ್ತನಾಲ್ಕೂವರೆ ಯೂನಿಟ್ ಬಂತು. ಏಪ್ರಿಲ್‌ನಲ್ಲಿ ಅದೇ 3,000ಕ್ಕೆ 33 ಯೂನಿಟ್ ದಾಟಿತು. ಡಿಸೆಂಬರ್‌ನಲ್ಲಿ 22 ಮಾತ್ರ.

ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಗಿತ್ತು. ಹೋಟೆಲ್ ಬಾಗಿಲು ಹಾಕಿದ್ದೆವು. ಏಪ್ರಿಲ್ ಕಂತು ಹೋದ ಮೇಲೆ ಸ್ಟೇಟ್‌ಮೆಂಟ್ ತೆಗೆದು ನೋಡಿದೆ. ಆ ವರ್ಷ ನಾಲ್ಕು ಕಂತಿಗೆ ಕಟ್ಟಿದ್ದು 12,000, ಕೈಯಲ್ಲಿದ್ದದ್ದು 111.77 ಯೂನಿಟ್. 90ರಂತೆ ಅದರ ಬೆಲೆ 10,059. ಸರಾಸರಿ ಎಲ್ಲಾ ಸರಿಯಾಗಿಯೇ ನಡೆಯುತ್ತಿತ್ತು, ಆದರೂ 1,941 ರೂಪಾಯಿ ನಷ್ಟ. ಇದನ್ನು ಒತ್ತಿ ಹೇಳಬೇಕು. ತಿಂಗಳು ತಿಂಗಳು ಕಟ್ಟಿದರೆ ನಷ್ಟವೇ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೊಂಡ ಸರಾಸರಿ ಬೆಲೆ ಇಳಿಯುತ್ತಾ ಬರುತ್ತದೆ, ನಿಜ. ಆದರೆ ಇವತ್ತಿನ ಬೆಲೆ ಅದಕ್ಕಿಂತಲೂ ಕೆಳಗಿದ್ದರೆ ನಷ್ಟವೇ.

ಏಪ್ರಿಲ್, ಮೇ, ಜೂನ್ ಕಂತುಗಳು ಹೋದದ್ದು ನನ್ನ ಧೈರ್ಯದಿಂದಲ್ಲ. ಆ ಖಾತೆಯಲ್ಲಿ 9,000 ಇತ್ತು, ಹೋಯಿತು. ಮನೆ ಖರ್ಚಿಗೆ ಬೇರೆ ಉಳಿತಾಯ ಇದ್ದದ್ದರಿಂದ ಅದನ್ನು ಮುಟ್ಟಬೇಕಾಗಿ ಬರಲಿಲ್ಲ. ಪಾರ್ಸೆಲ್ ವ್ಯಾಪಾರ ಶುರುವಾಗಿ ಕೈಗೆ ಸ್ವಲ್ಪ ಕಾಸು ಬಂದ ಮೇಲೆ ಜುಲೈ ಕಂತನ್ನು ತುಂಬಿದೆ. ಜುಲೈನಿಂದ ಪ್ರತಿ ಕಂತಿನಲ್ಲೂ 15 ಪೈಸೆ ಕಡಿತ ಕಾಣಿಸತೊಡಗಿತು. ಏನೋ ತಪ್ಪಾಗಿದೆ ಅಂದುಕೊಂಡೆ. ಅದು ಆ ವರ್ಷದ ಜುಲೈ 1ರಿಂದ ಬಂದ ಸ್ಟ್ಯಾಂಪ್ ಡ್ಯೂಟಿ, ನೂರಕ್ಕೆ ಅರ್ಧ ಪೈಸೆ. ಲೆಕ್ಕಕ್ಕೆ ಹಿಡಿಯುವಂಥದ್ದಲ್ಲ.

ವರ್ಷದ ಕೊನೆಗೆ ಹೋಟೆಲಿನ ಲೆಕ್ಕದ ಪುಸ್ತಕದಲ್ಲೇ ಒಂದು ಹಾಳೆಯಲ್ಲಿ ಬರೆದೆ. ಕಟ್ಟಿದ್ದು 36,000. ಬಂದ ಯೂನಿಟ್ 325.97. ಭಾಗಿಸಿದರೆ ಒಂದು ಯೂನಿಟ್ಟಿಗೆ ಬಿದ್ದದ್ದು 110 ರೂಪಾಯಿ 44 ಪೈಸೆ. ಹನ್ನೆರಡು ಎನ್‌ಎವಿಗಳನ್ನು ಕೂಡಿ ಹನ್ನೆರಡರಿಂದ ಭಾಗಿಸಿದರೆ ಬರುವುದು 112. ಮೊದಲ ಸಲ ನಾನು ಈ 112ನ್ನೇ ನನ್ನ ಕೊಂಡ ಬೆಲೆ ಅಂದುಕೊಂಡಿದ್ದೆ. ಅದು ತಪ್ಪು. ಕೊಟ್ಟ ಒಟ್ಟು ಹಣವನ್ನು ಒಟ್ಟು ಯೂನಿಟ್‌ಗಳಿಂದ ಭಾಗಿಸಬೇಕು.

ಈಗ ನೋಡಿ, ಅಷ್ಟು ಬಿದ್ದು ಎದ್ದ ವರ್ಷದಲ್ಲೂ ಸರಾಸರಿಯಿಂದ ಉಳಿದದ್ದು ಯೂನಿಟ್ಟಿಗೆ 1 ರೂಪಾಯಿ 56 ಪೈಸೆ. ಒಟ್ಟು ಸುಮಾರು 508 ರೂಪಾಯಿ. ಹಿಂದಿನ ವರ್ಷ ಎರಡು ಬೌನ್ಸಿಗೆ ನಾನು ತೆತ್ತದ್ದು 590. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದಾಗ ನನಗೆ ನಿಜವಾಗಿಯೂ ಬೇಜಾರಾಯಿತು. ಟೊಮ್ಯಾಟೊ 600ರಿಂದ 200ಕ್ಕೆ ಬಿದ್ದ ಹಾಗೆ ಇಂಡೆಕ್ಸ್ ಫಂಡ್ ಬೀಳುವುದಿಲ್ಲ. ಅದಕ್ಕೇ ಉಳಿತಾಯವೂ 100 ರೂಪಾಯಿಯಷ್ಟು ಬರುವುದಿಲ್ಲ.

ಹಾಗಾದರೆ ಡಿಸೆಂಬರ್‌ನಲ್ಲಿ 135ರಂತೆ ನನ್ನ 36,000 ಸುಮಾರು 44,000 ಆದದ್ದು ಹೇಗೆ? ಮಾರುಕಟ್ಟೆ ಎದ್ದದ್ದರಿಂದ, ಮತ್ತು ಅದು ಬಿದ್ದಿದ್ದಾಗಲೂ ನನ್ನ ಕಂತು ನಿಲ್ಲದೆ ಹೋದದ್ದರಿಂದ. ಇದು ಸ್ಪಷ್ಟವಾಗಿ ಗೊತ್ತಾದದ್ದು ನನ್ನ ಭಾಮೈದನ ಲೆಕ್ಕ ಹಾಕಿದಾಗ. ಅವನದೂ ಅದೇ ಫಂಡ್, ಅದೇ ತಾರೀಖು, ಅದೇ 3,000. ಮಾಲೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಕೆಲಸ. ಲಾಕ್‌ಡೌನ್‌ನಲ್ಲಿ ಸಂಬಳ ನಿಂತು, ಏಪ್ರಿಲ್‌ನಿಂದ ಜೂನ್‌ವರೆಗೆ ಮೂರು ಕಂತು ನಿಲ್ಲಿಸಿದ. “ಭಾವ, ಅಕ್ಕಿ ತರೋಕೆ ಕಾಸಿಲ್ಲ, ಇನ್ನು ಫಂಡಿಗೆ ಎಲ್ಲಿಂದ ಹಾಕಲಿ?” ಅಂದ. ಅವನು ಮಾಡಿದ್ದು ಸರಿಯೇ. ಆದರೆ ಅವನಿಗೆ ತಪ್ಪಿಹೋದದ್ದು ವರ್ಷದ ಅತಿ ಅಗ್ಗದ ಮೂರು ಕಂತುಗಳು. ಒಂಬತ್ತು ಕಂತಿಗೆ 27,000 ಕಟ್ಟಿ ಅವನಿಗೆ ಬಂದದ್ದು 230.33 ಯೂನಿಟ್. ಒಂದಕ್ಕೆ 117 ರೂಪಾಯಿ 22 ಪೈಸೆ ಬಿತ್ತು, ವರ್ಷದ ಸರಾಸರಿ 112ಕ್ಕಿಂತಲೂ ಜಾಸ್ತಿ. ಡಿಸೆಂಬರ್ ಲೆಕ್ಕದಲ್ಲಿ ಅವನ ಲಾಭ ನೂರಕ್ಕೆ 15, ನನ್ನದು ನೂರಕ್ಕೆ 22. ನಮ್ಮಿಬ್ಬರ ನಡುವೆ ಜಾಣತನದ ವ್ಯತ್ಯಾಸ ಏನೂ ಇರಲಿಲ್ಲ. ನನ್ನ ಖಾತೆಯಲ್ಲಿ 9,000 ಮುಂಗಡ ಇತ್ತು, ಅವನದರಲ್ಲಿ ಇರಲಿಲ್ಲ.

ಎಲ್ಲಾ ವರ್ಷವೂ 2020ರ ಹಾಗೆ ಇರುವುದಿಲ್ಲ. ಜನವರಿಯಲ್ಲಿ 100 ಇದ್ದ ಎನ್‌ಎವಿ ತಿಂಗಳಿಗೆ ಎರಡು ರೂಪಾಯಿಯಂತೆ ಏರುತ್ತಾ ಡಿಸೆಂಬರ್‌ಗೆ 122 ಆಯಿತು ಅನ್ನಿ. ಆಗ ಕಂತಿನಲ್ಲಿ ಕೊಂಡವನಿಗೆ ಯೂನಿಟ್ಟಿಗೆ 110 ರೂಪಾಯಿ ಚಿಲ್ಲರೆ ಬೀಳುತ್ತದೆ. ಜನವರಿಯಲ್ಲೇ ಒಟ್ಟಿಗೆ ಹಾಕಿದವನಿಗೆ 100ಕ್ಕೇ ಸಿಕ್ಕಿರುತ್ತದೆ. ಏರುವ ವರ್ಷದಲ್ಲಿ ಒಟ್ಟಿಗೆ ಹಾಕಿದವನೇ ಗೆಲ್ಲುತ್ತಾನೆ. ನನ್ನ ಹತ್ತಿರ ಒಟ್ಟಿಗೆ ಹಾಕಲು 36,000 ಯಾವತ್ತೂ ಇರಲಿಲ್ಲ, ತಿಂಗಳಿಗೆ 3,000 ಹುಟ್ಟುತ್ತಿತ್ತು. ಹಾಗಾಗಿ ಆ ಪ್ರಶ್ನೆಯೇ ನನಗೆ ಬರಲಿಲ್ಲ.

ಇನ್ನೊಂದು ಮಿತಿ ನನಗೆ ತಡವಾಗಿ ತಿಳಿಯಿತು. ಹಣ ಬೆಳೆದಂತೆ ಹೊಸ ಕಂತಿನ ಬಲ ಕಡಿಮೆಯಾಗುತ್ತದೆ. ಒಬ್ಬರ ಹತ್ತಿರ 3 ಲಕ್ಷ ಕಟ್ಟಿ ಕೊಂಡ 2,000 ಯೂನಿಟ್ ಇದೆ, ಒಂದಕ್ಕೆ 150 ಬಿದ್ದಿದೆ ಅಂದುಕೊಳ್ಳಿ. ಎನ್‌ಎವಿ 120ಕ್ಕೆ ಬಿತ್ತು. ಆ ತಿಂಗಳ 3,000ಕ್ಕೆ 25 ಯೂನಿಟ್ ಬರುತ್ತದೆ. ಅವರ ಸರಾಸರಿ 150ರಿಂದ ಇಳಿಯುವುದು 149 ರೂಪಾಯಿ 63 ಪೈಸೆಗೆ. ಬರೀ 37 ಪೈಸೆ! ಅದೇ ಹೊತ್ತಿಗೆ ಇದ್ದ ಹಣದಲ್ಲಿ 60,000 ಕರಗಿರುತ್ತದೆ. ಮೊದಲ ಎರಡು ಮೂರು ವರ್ಷ ಸರಾಸರಿ ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೆ ಅದನ್ನು ನಂಬಿ ಕೂರುವಂತಿಲ್ಲ.

ಈ ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಮಗಳ ಫೀಸಿನ ಹಣದ ವಿಷಯದಲ್ಲಿ ಒಂದು ತೀರ್ಮಾನ ಮಾಡಿದೆ. ಅವಳು ಪಿಯುಸಿಗೆ ಸೇರಿದಾಗಿನಿಂದ, ಮುಂದೆ ಮೊದಲ ವರ್ಷದ ಕಾಲೇಜಿಗೆ ಬೇಕಾಗುವಷ್ಟನ್ನು ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಮಾರಿ ಬ್ಯಾಂಕಿನ ಎಫ್‌ಡಿಗೆ ಹಾಕಿದೆ. ಮಾರುವಾಗ ಮೊದಲು ಕೊಂಡ ಯೂನಿಟ್ ಮೊದಲು ಹೋಗುತ್ತದೆ. ಪ್ರತಿ ಕಂತಿಗೂ ಒಂದು ವರ್ಷದ ಲೆಕ್ಕ ಬೇರೆ ಬೇರೆ. ಹೋದ ತಿಂಗಳು ಕೊಂಡದ್ದಕ್ಕೆ ವರ್ಷ ತುಂಬಿರುವುದಿಲ್ಲ. ತೆರಿಗೆಗೆ ಇದು ಮುಖ್ಯ, ಅಲ್ವಾ? ಹಾಗಾಗಿ ಹಳೆಯ ಯೂನಿಟ್ ಎಷ್ಟಿದೆ ಅಂತ ಸ್ಟೇಟ್‌ಮೆಂಟ್ ನೋಡಿಕೊಂಡೇ ಮಾರಿದೆ. ಉಳಿದದ್ದು ಫಂಡಿನಲ್ಲೇ ಇದೆ, ಕಂತೂ ನಡೆಯುತ್ತಿದೆ.

ಹೋದ ದಸರಾದಲ್ಲಿ ಭಾಮೈದ ಮನೆಗೆ ಬಂದಿದ್ದ. ಕಂತನ್ನು 5,000ಕ್ಕೆ ಏರಿಸುತ್ತೇನೆ ಅಂದ. ಖಾತೆಯಲ್ಲಿ ಮುಂಗಡ ಎಷ್ಟಿದೆ ಅಂತ ಕೇಳಿದೆ. ಒಂದು ಕಂತಿನಷ್ಟೂ ಇರಲಿಲ್ಲ. “ಮೊದಲು 9,000 ಆಗಲಿ, ಆಮೇಲೆ ಏರಿಸು” ಅಂದೆ. ಸಂಕ್ರಾಂತಿಗೆ ಫೋನ್ ಮಾಡಿ 9,000 ಆಯಿತು ಭಾವ ಅಂದ. ಏರಿಸಿದ್ದು 4,000ಕ್ಕೆ. ಆ ಲೆಕ್ಕಕ್ಕೆ ಮುಂಗಡ 12,000 ಆಗಬೇಕು, ಇನ್ನೂ ಮೂರು ಸಾವಿರ ಬಾಕಿ ಇದೆ.