ದುಡ್ಡು ಕಟ್ಟಿದವರು ಬಂದು ಕೂರುವ ತನಕ

ಕಾರ್ಯಾಗಾರದ ಪೋಸ್ಟರ್ ಹಾಕಿದ ದಿನ ‘ಇಂಟರೆಸ್ಟೆಡ್’ ಎಂದು ಕಮೆಂಟ್ ಮಾಡುವವರು ಬಹಳ ಮಂದಿ. ಅವರಲ್ಲಿ ಶುಲ್ಕ ಕಟ್ಟುವವರು ಕೆಲವರೇ. ಕಟ್ಟಿದವರಲ್ಲೂ ಭಾನುವಾರ ಬೆಳಿಗ್ಗೆ ಎದ್ದು ಬರದೇ ಇರುವವರು ಇದ್ದಾರೆ. ಹಾಗಾಗಿ ಕೆಲಸ ಎರಡು: ಕೇಳಿದವರು ಕಟ್ಟುವಂತೆ ಮಾಡುವುದು, ಕಟ್ಟಿದವರು ಬರುವಂತೆ ನೋಡಿಕೊಳ್ಳುವುದು.

ಒಂದು ಉದಾಹರಣೆ ಹಿಡಿದು ನೋಡೋಣ. ತಾರಸಿ ಕೈತೋಟ ಕಲಿಸುವ ಶಿಕ್ಷಕಿಯೊಬ್ಬರು ಜಯನಗರದ ಸಣ್ಣ ಹಾಲ್‌ನಲ್ಲಿ ಮೂರು ಗಂಟೆಯ ಕಾರ್ಯಾಗಾರ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ 10ರಿಂದ 1. ಸೀಟು 24, ಶುಲ್ಕ 750 ರೂಪಾಯಿ. ಪ್ರಚಾರ ಶುರುವಾಗುವುದು ಮೂರು ವಾರ ಮೊದಲು. ಸಂಬಳದ ದಿನ ನಡುವೆ ಬರಲಿ ಎಂಬುದೇ ಈ ಲೆಕ್ಕ. ತಿಂಗಳ ಕೊನೆಯಲ್ಲಿ ‘ಆಮೇಲೆ ಕಟ್ಟೋಣ’ ಎಂದವರು ಒಂದನೇ ತಾರೀಕು ಕಳೆದ ಮೇಲೆ ಕಟ್ಟುತ್ತಾರೆ.

ಪೋಸ್ಟರ್‌ಗೂ ಮೊದಲು

ಮೊದಲು ಎಷ್ಟು ಜನ ಬಂದರೆ ನಡೆಸಬಹುದು ಎಂದು ತಿಳಿದಿರಬೇಕು. ಹಾಲ್ ಬಾಡಿಗೆ 3,000, ಜಾಹೀರಾತಿಗೆ 1,500. ತಲೆಗೊಂದು ಗ್ರೋ ಬ್ಯಾಗ್, ಮಣ್ಣಿನ ಮಿಶ್ರಣ, ಬೀಜ, ಕಾಫಿ ತಿಂಡಿ ಸೇರಿ 260. ಒಬ್ಬರಿಂದ ಉಳಿಯುವುದು 490 ರೂಪಾಯಿ. ಹತ್ತು ಜನ ಬಂದರೆ ಕೈಯಿಂದ ಹಾಕುವುದು ತಪ್ಪುತ್ತದೆ, ಆದರೆ ಕಲಿಸಿದ್ದಕ್ಕೆ ಹೆಚ್ಚೇನೂ ಸಿಗುವುದಿಲ್ಲ. ಶಿಕ್ಷಕಿ 14 ಎಂದು ನಿಗದಿ ಮಾಡಿಕೊಳ್ಳುತ್ತಾರೆ. ಕಾರ್ಯಕ್ರಮದ ಹಿಂದಿನ ಬುಧವಾರದೊಳಗೆ 14 ಆಗದಿದ್ದರೆ ಮುಂದೂಡಿ, ಹಣ ವಾಪಸ್. ಈ ಮಾತು ನೋಂದಣಿ ಫಾರ್ಮ್‌ನಲ್ಲೇ ಇರಬೇಕು.

ಫಾರ್ಮ್‌ನಲ್ಲಿ ಕೇಳುವುದು ಕಡಿಮೆ ಇರಲಿ: ಹೆಸರು, ವಾಟ್ಸ್ಆ್ಯಪ್ ನಂಬರ್, ಹಣ ಕಳಿಸಿದ ಗುರುತು, ಎಲ್ಲಿ ನೋಡಿದಿರಿ. ಹಲವರು ಎಡವುವುದು ಮೂರನೆಯದರಲ್ಲಿ. ಗೂಗಲ್ ಫಾರ್ಮ್‌ನಲ್ಲಿ ಸ್ಕ್ರೀನ್‌ಶಾಟ್ ಅಪ್‌ಲೋಡ್ ಮಾಡಿ ಎಂದರೆ ತುಂಬುವವರು ಗೂಗಲ್ ಖಾತೆಗೆ ಲಾಗಿನ್ ಆಗಬೇಕಾಗುತ್ತದೆ. ಪಾಸ್‌ವರ್ಡ್ ನೆನಪಿಲ್ಲದವರು ಅಲ್ಲಿಗೇ ಬಿಟ್ಟು ಹೋಗುತ್ತಾರೆ. ಮೇಲಾಗಿ ಸ್ಕ್ರೀನ್‌ಶಾಟ್ ಹಳೆಯದೂ ಇರಬಹುದು, ತಿದ್ದಿದ್ದೂ ಇರಬಹುದು. ಅದರ ಬದಲು ಯುಪಿಐ ಪಾವತಿಯ 12 ಅಂಕಿಯ ಸಂಖ್ಯೆ ಕೇಳಿ. ಗೂಗಲ್ ಪೇಯಲ್ಲಿ ಇದು `UPI transaction ID` ಎಂದೂ ಫೋನ್‌ಪೇಯಲ್ಲಿ `UTR` ಎಂದೂ ಕಾಣುತ್ತದೆ. ಎರಡೂ ಹೆಸರನ್ನು ಪ್ರಶ್ನೆಯ ಕೆಳಗೆ ಬರೆಯಿರಿ. ರಾತ್ರಿ ಕೂತು ಬ್ಯಾಂಕ್ ಖಾತೆಯ ಜಮೆಯೊಂದಿಗೆ ಸಂಖ್ಯೆ ಹೋಲಿಸಿ ನೋಡಿದ ಮೇಲೆಯೇ ಸೀಟು ಖಚಿತ ಎನ್ನಿ.

‘ಎಲ್ಲಿ ನೋಡಿದಿರಿ’ ಎಂಬುದಕ್ಕೆ ಜನ ಬಾಯಿಗೆ ಬಂದದ್ದು ಬರೆಯುತ್ತಾರೆ. ಫಾರ್ಮ್‌ನ ಮೆನುವಿನಲ್ಲಿ `Pre-fill form` ಅಥವಾ `Get pre-filled link` ಎಂದಿರುತ್ತದೆ. ಅಲ್ಲಿ ಈ ಉತ್ತರವನ್ನು ಮೊದಲೇ ತುಂಬಿ ಇನ್‌ಸ್ಟಾಗ್ರಾಮ್‌ಗೆ ಒಂದು, ವಾಟ್ಸ್ಆ್ಯಪ್‌ಗೆ ಒಂದು, ಫೇಸ್‌ಬುಕ್‌ಗೆ ಒಂದು ಲಿಂಕ್ ಮಾಡಿಕೊಳ್ಳಿ. ವಾರ ಕಳೆಯುವಷ್ಟರಲ್ಲಿ ದುಡ್ಡು ಯಾವ ಕಡೆಯಿಂದ ಬರುತ್ತಿದೆ ಎಂಬುದು ಶೀಟ್‌ನಲ್ಲೇ ಕಾಣುತ್ತದೆ.

ಮೂರು ವಾರ

ಪೋಸ್ಟರ್‌ನ ಚಿತ್ರದ ಮೇಲೆಯೇ ದಿನಾಂಕ, ವಾರ, ಇಸವಿ, ಸಮಯ, ಜಾಗ, ಶುಲ್ಕ, ಫೋನ್ ನಂಬರ್ ಇರಲಿ. ಫಾರ್ವರ್ಡ್ ಆಗುತ್ತಾ ಕೆಳಗಿನ ಬರಹ ಕಳಚಿಹೋಗಬಹುದು, ಚಿತ್ರ ಮಾತ್ರ ಉಳಿಯುತ್ತದೆ. ಇಸವಿ ಇಲ್ಲದ ಪೋಸ್ಟರ್ ಮುಂದಿನ ವರ್ಷವೂ ಅಪಾರ್ಟ್‌ಮೆಂಟ್ ಗ್ರೂಪ್‌ಗಳಲ್ಲಿ ತಿರುಗುತ್ತಿರುತ್ತದೆ. ಆದರೆ ಚಿತ್ರದಲ್ಲಿರುವ ಲಿಂಕ್ ಒತ್ತಲು ಬರುವುದಿಲ್ಲವಾದ್ದರಿಂದ ಬರಹದಲ್ಲೂ ಕೊಡಿ. ಇನ್‌ಸ್ಟಾಗ್ರಾಮ್‌ನ ಪೋಸ್ಟ್ ಬರಹದಲ್ಲಿ ಲಿಂಕ್ ಕೆಲಸ ಮಾಡುವುದಿಲ್ಲ. ಅಲ್ಲಿ ಬಯೋದಲ್ಲಿ ಹಾಕಿ, ಸ್ಟೋರಿಯಲ್ಲಿ ಲಿಂಕ್ ಸ್ಟಿಕರ್ ಅಂಟಿಸಿ.

ಮೊದಲ ದಿನ ಹೇಳಬೇಕಾದ್ದು ಹಳೆಯ ವಿದ್ಯಾರ್ಥಿಗಳಿಗೆ, ಅದೂ ಇತರರಿಗಿಂತ ಒಂದು ದಿನ ಮುಂಚೆ. ಅವರು ನಾಲ್ಕೈದು ಸೀಟು ಹಿಡಿದರೆ ಮರುದಿನದ ಪೋಸ್ಟ್‌ನಲ್ಲಿ ‘19 ಸೀಟು ಉಳಿದಿವೆ’ ಎಂದು ನಿಜವಾದ ಲೆಕ್ಕ ಹಾಕಬಹುದು. ಸುಳ್ಳು ಲೆಕ್ಕ ಹಾಕಲೇಬೇಡಿ. ಹಾಲ್‌ಗೆ ಬಂದವರ ಕಣ್ಣಿಗೆ ಖಾಲಿ ಕುರ್ಚಿಗಳು ಬಿದ್ದೇ ಬೀಳುತ್ತವೆ.

ಎರಡನೇ ವಾರ ನೋಂದಣಿ ಮಂದವಾಗುತ್ತದೆ. ಆಗ ಶುಲ್ಕ ಇಳಿಸುವ ಮನಸ್ಸಾಗುತ್ತದೆ, ಇಳಿಸಬೇಡಿ. ಮೊದಲೇ 750 ಕೊಟ್ಟವರಿಗೆ ಅದು ಅನ್ಯಾಯ. ಆ ವಾರ ಜನ ಕೇಳುತ್ತಿರುವ ಪ್ರಶ್ನೆಗಳಿಗೆ ಉತ್ತರ ಕೊಡಿ. ‘ನಮ್ಮದು ಬಾಡಿಗೆ ಮನೆ, ಬಾಲ್ಕನಿ ಮಾತ್ರ ಇದೆ, ಮಧ್ಯಾಹ್ನ ಎರಡೇ ಗಂಟೆ ಬಿಸಿಲು ಬೀಳುತ್ತೆ, ಆಗುತ್ತಾ?’ ಎಂದು ಯಾರೋ ಇನ್‌ಬಾಕ್ಸ್‌ನಲ್ಲಿ ಕೇಳಿರುತ್ತಾರೆ. ಅಷ್ಟೇ ಬಿಸಿಲಿನಲ್ಲಿ ಬರುವ ಪುದೀನ, ಮೆಂತ್ಯದ ಕುಂಡ ತೋರಿಸಿ ಅರ್ಧ ನಿಮಿಷದ ರೀಲ್ಸ್ ಮಾಡಿದರೆ, ಅದೇ ಅನುಮಾನ ಇಟ್ಟುಕೊಂಡು ಸುಮ್ಮನಿದ್ದವರಿಗೂ ಉತ್ತರ ಸಿಗುತ್ತದೆ. ‘ಫೀ ಎಷ್ಟು?’ ಎಂಬ ಕಮೆಂಟ್‌ಗೆ ‘ಇನ್‌ಬಾಕ್ಸ್ ನೋಡಿ’ ಎನ್ನದೆ ಅಲ್ಲೇ ‘750 ರೂಪಾಯಿ, ಸಾಮಗ್ರಿ ಸೇರಿ’ ಎಂದು ಬರೆಯಿರಿ. ‘ಇಂಟರೆಸ್ಟೆಡ್’ ಎಂದವರಿಗೆ ಅದೇ ದಿನ ಲಿಂಕ್ ಕಳಿಸಿ, ಸಂಬಳದ ವಾರ ಒಮ್ಮೆ ನೆನಪಿಸಿ. ಮೂರನೇ ಸಲ ಕೇಳುವುದು ಕಿರಿಕಿರಿ.

ಜಾಹೀರಾತಿನ 1,500 ರೂಪಾಯಿಯನ್ನು ಕೊನೆಯ ಹತ್ತು ದಿನಕ್ಕೆ ಇಡಿ. ಇಡೀ ಬೆಂಗಳೂರು ಎಂದು ಕೊಟ್ಟರೆ ಯಲಹಂಕದವರಿಗೂ ಕಾಣುತ್ತದೆ, ಮೂರು ಗಂಟೆಯ ತರಗತಿಗೆ ಅಷ್ಟು ದೂರದಿಂದ ಬರುವವರು ವಿರಳ. ಜಯನಗರದ ಸುತ್ತ ಆರೇಳು ಕಿಲೋಮೀಟರ್ ಸಾಕು. ಗುರಿ ಲೈಕ್ ಅಲ್ಲ, ಲಿಂಕ್ ಕ್ಲಿಕ್ ಎಂದು ಆಯ್ಕೆ ಮಾಡಿ. ಲೈಕ್ ಎಂದು ಕೊಟ್ಟರೆ ಲೈಕ್ ಒತ್ತಿ ಮುಂದೆ ಹೋಗುವವರನ್ನೇ ಅದು ಹುಡುಕಿ ತರುತ್ತದೆ.

ಕಟ್ಟಿದವರನ್ನು ಕರೆತರುವುದು

ಎಲ್ಲರನ್ನೂ ವಾಟ್ಸ್ಆ್ಯಪ್ ಗ್ರೂಪ್‌ಗೆ ಸೇರಿಸಿದರೆ ಅಪರಿಚಿತರ ನಂಬರ್‌ಗಳು ಪರಸ್ಪರ ಸಿಗುತ್ತವೆ. ಹೆಣ್ಣುಮಕ್ಕಳಿಗೆ ಇದರಿಂದ ಆಗುವ ತೊಂದರೆ ಸಣ್ಣದಲ್ಲ. ಬ್ರಾಡ್‌ಕಾಸ್ಟ್ ಪಟ್ಟಿ ಒಳ್ಳೆಯದು. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ಅದಕ್ಕೇ ಸೀಟು ಖಚಿತವಾದ ಮೊದಲ ಸಂದೇಶದಲ್ಲಿ ‘ಈ ನಂಬರ್ ಸೇವ್ ಮಾಡಿಕೊಳ್ಳಿ’ ಎಂಬ ಸಾಲು ಇರಬೇಕು. ಕಳಿಸಿದ ಮೇಲೆ ಸಂದೇಶವನ್ನು ಒತ್ತಿ ಹಿಡಿದು `Info` ನೋಡಿದರೆ ಯಾರಿಗೆ ತಲುಪಿದೆ ಎಂದು ತಿಳಿಯುತ್ತದೆ. ತಲುಪಿದವರ ಪಟ್ಟಿಯಲ್ಲಿ ಇಲ್ಲದವರಿಗೆ ಬೇರೆಯಾಗಿ ಕಳಿಸಿ.

ಗುರುವಾರದ ಸಂದೇಶ ಬರಲಾಗದವರಿಗಾಗಿ: ‘ಬರಲು ಆಗುತ್ತಿಲ್ಲವೇ? ಶುಕ್ರವಾರ ಸಂಜೆಯೊಳಗೆ ತಿಳಿಸಿ, ನಿಮ್ಮ ಬದಲು ಮನೆಯವರನ್ನೋ ಸ್ನೇಹಿತರನ್ನೋ ಕಳಿಸಬಹುದು.’ ಕಾಯುವ ಪಟ್ಟಿಯಲ್ಲಿ ಇರುವವರಿಗೆ ಸೀಟು ಕೊಡಲು ಆಗ ಒಂದು ದಿನ ಸಿಗುತ್ತದೆ. ಗ್ರೋ ಬ್ಯಾಗ್ ಎಷ್ಟು ತರಬೇಕೆಂಬುದೂ ಇತ್ಯರ್ಥವಾಗುತ್ತದೆ.

ಶನಿವಾರ ಸಂಜೆಯದು ದಾರಿಯ ಸಂದೇಶ:

‘ನಮಸ್ಕಾರ. ನಾಳೆ ಬೆಳಿಗ್ಗೆ 10ಕ್ಕೆ ಶುರು, 9.40ಕ್ಕೆ ಕಾಫಿ. ಹಸಿರು ಮಾರ್ಗದಲ್ಲಿ ಜಯನಗರ ನಿಲ್ದಾಣದಲ್ಲಿ ಇಳಿಯಿರಿ. ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಹಳದಿ ಮಾರ್ಗದಲ್ಲಿ ಬರುವವರು ಆರ್.ವಿ. ರಸ್ತೆಯಲ್ಲಿ ಬದಲಿಸಿ. ಕಾರು ನಿಲ್ಲಿಸಲು ಜಾಗವಿಲ್ಲ, ಸ್ಕೂಟರ್ ನಿಲ್ಲಿಸಬಹುದು. ಮ್ಯಾಪ್ ಕೆಳಗಿದೆ. ಬರುತ್ತೀರಾದರೆ 1 ಎಂದು ಉತ್ತರಿಸಿ.’

ಕೊನೆಯ ಸಾಲೇ ಇದರ ಜೀವಾಳ. ನೀಲಿ ಟಿಕ್ ಓದಿದ್ದನ್ನು ಹೇಳುತ್ತದೆ, ಬರುವುದನ್ನಲ್ಲ. ರಾತ್ರಿ ಎಂಟರವರೆಗೂ 1 ಬರದವರಿಗೆ ಫೋನ್ ಮಾಡಿ. 24 ಜನರಲ್ಲಿ ಅಂಥವರು ಐದಾರು ಮಂದಿ ಇರಬಹುದು, ಅರ್ಧ ಗಂಟೆಯ ಕೆಲಸ. ಭಾನುವಾರ ಬೆಳಿಗ್ಗೆ 8ಕ್ಕೆ ಒಂದೇ ಸಾಲು, ಮ್ಯಾಪ್ ಮತ್ತೊಮ್ಮೆ.

ಇದೇ ತರಗತಿ ಆನ್‌ಲೈನ್ ಆದರೆ ಒಂದು ದಿನ, ಒಂದು ಗಂಟೆ ಮತ್ತು ಹತ್ತು ನಿಮಿಷ ಮೊದಲು ನೆನಪಿಸಿ. ಹತ್ತು ನಿಮಿಷ ಮೊದಲಿನದು ಬಹಳ ಮುಖ್ಯ, ಏಕೆಂದರೆ ಲಿಂಕ್ ಹಳೆಯ ಸಂದೇಶಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ಜೂಮ್‌ನ ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಸಭೆ ಮುಗಿದುಬಿಡುತ್ತದೆ, ಹಣ ಪಡೆದು ಅದರಲ್ಲಿ ನಡೆಸಬೇಡಿ. ರೆಕಾರ್ಡಿಂಗ್ ಕೊಡುವುದಿದ್ದರೆ ಅದನ್ನು ಪೋಸ್ಟರ್‌ನಲ್ಲಿ ದೊಡ್ಡದಾಗಿ ಸಾರಬೇಡಿ. ಆಮೇಲೆ ನೋಡಿದರಾಯಿತು ಎಂದುಕೊಂಡವರು ಲೈವ್‌ಗೆ ಬರುವುದಿಲ್ಲ. ಕೇಳಿದವರಿಗೆ ಮಾತ್ರ, ಎಷ್ಟು ದಿನ ಸಿಗುತ್ತದೆಂಬುದನ್ನೂ ಸೇರಿಸಿ, ನೇರವಾಗಿ ಹೇಳಿ.