ಟಿಪ್ಪರ್ ಹೊರಡುವ ಮುಂಚೆ ಲೋಡ್ ಲೆಕ್ಕ ಹಾಕುವುದು ಹೇಗೆ?

ಕ್ರಷರ್ ಗೇಟಿನ ಹತ್ತಿರ ನಿಂತರೆ ಈ ಮಾತು ದಿನಾ ಕೇಳಿಸುತ್ತದೆ. "ಅಣ್ಣಾ, ಲೋಡ್ ಜಾಸ್ತಿ ಆಗಿದೆ" ಅಂತ ಡ್ರೈವರ್ ಫೋನಿನಲ್ಲಿ ಹೇಳುತ್ತಾನೆ. "ಹೊರಡಪ್ಪ, ಏನಾದ್ರೂ ಆದ್ರೆ ನಾನು ನೋಡ್ಕೋತೀನಿ" ಅಂತ ಓನರ್ ಹೇಳುತ್ತಾರೆ. ದಂಡದ ದುಡ್ಡನ್ನು ಓನರ್ ನೋಡಿಕೊಳ್ಳಬಹುದು. ಆದರೆ ಲೈಸೆನ್ಸ್ ಇರುವುದು ಡ್ರೈವರ್ ಹೆಸರಿನಲ್ಲಿ, ಅದನ್ನು ಯಾರೂ ನೋಡಿಕೊಳ್ಳಲಾಗದು. ಹಾಗಾಗಿ ಲೆಕ್ಕ ಗೇಟಿನ ಒಳಗೇ ಮುಗಿಯಬೇಕು.

1. ಆರ್‌ಸಿ ತೆಗೆದು ಎರಡು ಅಂಕಿ ಬರೆದುಕೊಳ್ಳಿ

ಒಂದು, ಖಾಲಿ ಗಾಡಿಯ ತೂಕ. ಇನ್ನೊಂದು, ಲೋಡ್ ಸೇರಿ ಒಟ್ಟು ಎಷ್ಟು ಇರಬಹುದು ಎಂಬ ತೂಕ. ದೊಡ್ಡದರಿಂದ ಚಿಕ್ಕದನ್ನು ಕಳೆದರೆ ನೀವು ತುಂಬಬಹುದಾದ ಲೋಡ್ ಸಿಗುತ್ತದೆ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆ್ಯಕ್ಸಲ್ ಮಿತಿಗಳನ್ನು ಏರಿಸಿತು. ಆರು ಚಕ್ರದ ಲಾರಿಗೆ ಮುಂದೆ 7 ಟನ್, ಹಿಂದೆ 11.5 ಟನ್, ಒಟ್ಟು 18.5 ಟನ್ ಆಯಿತು. ಇದನ್ನು ಕೇಳಿಸಿಕೊಂಡ ಹಳೇ ಗಾಡಿಯವರು "ನಮಗೂ ಹದಿನೆಂಟೂವರೆ" ಅಂದುಕೊಂಡು ತುಂಬುತ್ತಾರೆ. ಮೋಟಾರು ವಾಹನ ಕಾಯ್ದೆಯ 113ನೇ ಸೆಕ್ಷನ್ ನೋಡುವುದು ಆರ್‌ಸಿಯಲ್ಲಿ ಬರೆದ ತೂಕವನ್ನು. ಅಲ್ಲಿ 16.2 ಟನ್ ಅಂತಿದ್ದರೆ ನಿಮ್ಮ ಮಿತಿ ಅಷ್ಟೇ.

ಇನ್ನೊಂದು ಮಾತು. ಹಿಂದಿನ ಸ್ಪ್ರಿಂಗಿಗೆ ಎರಡು ಪಟ್ಟೆ ಜಾಸ್ತಿ ಹಾಕಿಸಿದರೆ, ಬಾಡಿಯ ಹಲಗೆ ಏರಿಸಿದರೆ ಲೋಡ್ ತಡೆಯುತ್ತದೆ ಅಂತ ಗ್ಯಾರೇಜಿನವರು ಹೇಳುತ್ತಾರೆ. ಗಾಡಿ ತಡೆಯಬಹುದೇನೋ, ಆದರೆ ಆರ್‌ಸಿಯ ಅಂಕಿ ಬದಲಾಗುವುದಿಲ್ಲ. ಮೇಲಾಗಿ ಆ ಕಬ್ಬಿಣದ ತೂಕವೂ ನಿಮ್ಮ ಲೋಡಿನಿಂದಲೇ ಹೋಗುತ್ತದೆ. ನಾನಾದರೆ ಆ ದುಡ್ಡನ್ನು ಒಳ್ಳೆ ಟೈರಿಗೆ ಹಾಕುತ್ತೇನೆ.

2. ತೂಕ ಹಾಕಿಸಿ. ಎಲ್ಲರೂ ಎಡವುವುದು ಇಲ್ಲೇ

ಎಂ-ಸ್ಯಾಂಡ್ ಮಾರುವುದು ಎಷ್ಟೋ ಕಡೆ ಅಡಿ ಲೆಕ್ಕದಲ್ಲಿ. ಕಾನೂನು ಕೇಳುವುದು ಕೆ.ಜಿ. ಲೆಕ್ಕ. ಗೋಜಲು ಶುರುವಾಗುವುದೇ ಇದರಿಂದ.

ಒಂದು ಗಾಡಿಯ ಲೆಕ್ಕ ಮಾಡೋಣ. ಆರು ಚಕ್ರದ ಟಿಪ್ಪರ್, ಖಾಲಿ ತೂಕ 7,000 ಕೆ.ಜಿ., ಆರ್‌ಸಿಯ ಒಟ್ಟು ತೂಕ 18,500 ಕೆ.ಜಿ. ಅಂದರೆ ತುಂಬಬಹುದಾದದ್ದು 11,500 ಕೆ.ಜಿ. ಗಿರಾಕಿ ಕೇಳಿದ್ದು 300 ಘನ ಅಡಿ ಎಂ-ಸ್ಯಾಂಡ್. ಅದು ಎಂಟೂವರೆ ಘನ ಮೀಟರ್ ಆಗುತ್ತದೆ. ತೊಳೆದು ರಾಶಿ ಹಾಕಿದ, ಇನ್ನೂ ಹಸಿ ಇರುವ ಮರಳು ಘನ ಮೀಟರಿಗೆ 1,700 ಕೆ.ಜಿ. ತೂಗಿದರೂ ಲೋಡ್ ಹದಿನಾಲ್ಕೂವರೆ ಟನ್ ಹತ್ತಿರ ಬರುತ್ತದೆ. ಮೂರು ಟನ್ ಜಾಸ್ತಿ! ಬಾಡಿ ಅಂಚಿನ ಮೇಲೆ ಒಂದು ಹಿಡಿ ಮರಳೂ ಕಾಣುವುದಿಲ್ಲ, ನೋಡಿದವರು "ಲೆವೆಲ್ ಲೋಡ್" ಅನ್ನುತ್ತಾರೆ. ಮಳೆಗಾಲದಲ್ಲಿ ಅದೇ ಅಡಿ ಇನ್ನಷ್ಟು ತೂಗುತ್ತದೆ. ಅದಕ್ಕೇ ಕಣ್ಣಳತೆ ಬೇಡ, ವೇಬ್ರಿಡ್ಜ್ ಬೇಕು.

ವೇಬ್ರಿಡ್ಜಿನಲ್ಲೂ ಹುಷಾರಾಗಿರಬೇಕು. ಲೋಡ್ ಮಾಡುವ ಮುಂಚೆ ಖಾಲಿ ಗಾಡಿಯನ್ನು ಅವತ್ತೇ ತೂಗಿಸಿ. ಕೆಲವು ಕಡೆ ಕಂಪ್ಯೂಟರಿನಲ್ಲಿ ಉಳಿದಿರುವ ಹಳೇ ಖಾಲಿ ತೂಕವನ್ನೇ ಸ್ಲಿಪ್ಪಿನಲ್ಲಿ ಮುದ್ರಿಸಿಬಿಡುತ್ತಾರೆ. ಆಮೇಲೆ ನೀವು ಹಲಗೆ ಏರಿಸಿದ್ದರೆ ಮರಳಿನ ಲೆಕ್ಕವೇ ತಪ್ಪುತ್ತದೆ. ತೂಕ ಹಾಕುವಾಗ ಎಲ್ಲ ಚಕ್ರವೂ ಪ್ಲಾಟ್‌ಫಾರ್ಮಿನ ಒಳಗೆ ಇದೆಯಾ ಅಂತ ಇಳಿದು ನೋಡಿ. ಹಿಂದಿನ ಚಕ್ರ ಅಂಚಿನ ಮೇಲೆ ನಿಂತಿದ್ದರೆ ತೂಕ ಕಡಿಮೆ ತೋರಿಸುತ್ತದೆ. ಆ ಸ್ಲಿಪ್ಪನ್ನು ನಂಬಿಕೊಂಡು ಹೊರಟವರಿಗೆ ಮುಂದಿನ ವೇಬ್ರಿಡ್ಜಿನಲ್ಲಿ ನಿಜ ಗೊತ್ತಾಗುತ್ತದೆ.

ಒಟ್ಟು ತೂಕ ಸರಿ ಇದ್ದರೂ ಕೆಲಸ ಮುಗಿದಿಲ್ಲ. ಮರಳೆಲ್ಲ ಹಿಂದಕ್ಕೆ ಬಿದ್ದಿದ್ದರೆ ಹಿಂದಿನ ಆ್ಯಕ್ಸಲ್ ಒಂದೇ ತನ್ನ ಮಿತಿ ದಾಟಿರುತ್ತದೆ. ಮುಂದಿನ ಚಕ್ರಗಳನ್ನು ಮಾತ್ರ ಪ್ಲಾಟ್‌ಫಾರ್ಮಿಗೆ ಹತ್ತಿಸಿ ಒಮ್ಮೆ ತೂಗಿಸಿ. ಒಟ್ಟು ತೂಕದಿಂದ ಅದನ್ನು ಕಳೆದರೆ ಹಿಂದಿನದು ಹೆಚ್ಚುಕಡಿಮೆ ಗೊತ್ತಾಗುತ್ತದೆ. ಸ್ಟೇರಿಂಗ್ ವಿಪರೀತ ಹಗುರ ಅನ್ನಿಸಿದರೂ ಲೋಡ್ ಹಿಂದಕ್ಕೆ ಬಿದ್ದಿದೆ ಅಂತಲೇ ಲೆಕ್ಕ. ಲೋಡರಿನವನಿಗೆ ಹೇಳಿ ಮುಂದಕ್ಕೆ ಹಾಕಿಸಿ, ಐದು ನಿಮಿಷದ ಕೆಲಸ.

3. ಸ್ಲಿಪ್ಪಿನ ಫೋಟೋ ಓನರಿಗೆ ಕಳಿಸಿ

ಗಾಡಿ ನಂಬರು, ತಾರೀಕು, ಟೈಮು ಸರಿ ಇದೆಯಾ ನೋಡಿ ವಾಟ್ಸ್ಆ್ಯಪ್ ಮಾಡಿ. ಜಾಸ್ತಿ ಇದ್ದರೆ "ಮೂರು ಟನ್ ಜಾಸ್ತಿ ಇದೆ, ಇಳಿಸಿ ಬರುತ್ತೇನೆ" ಅಂತ ಬರೆಯಿರಿ. ಬಾಯಿಮಾತು ಸಾಲದು.

4. ಯಾರ ಹೊಣೆ ಎಲ್ಲಿಯವರೆಗೆ?

194ನೇ ಸೆಕ್ಷನ್ ಪ್ರಕಾರ ಓವರ್‌ಲೋಡಿಗೆ ದಂಡ 20,000 ರೂಪಾಯಿ. ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ನಮ್ಮ ಟಿಪ್ಪರ್ ಲೆಕ್ಕದಲ್ಲಿ ಮೂರು ಟನ್ನಿಗೆ 26,000, ಜೊತೆಗೆ ಇಳಿಸುವ ಕೂಲಿ. ಈ ದಂಡ ಓಡಿಸಿದವರಿಗೂ ಬೀಳಬಹುದು, ಓಡಿಸಲು ಹೇಳಿದವರಿಗೂ, ಗೊತ್ತಿದ್ದೂ ಬಿಟ್ಟವರಿಗೂ ಬೀಳಬಹುದು.

"ನನಗೆ ಗೊತ್ತೇ ಇರಲಿಲ್ಲ, ಡ್ರೈವರ್ ತುಂಬಿಸಿಕೊಂಡಿದ್ದು" ಅಂತ ಓನರ್ ಜಾರಿಕೊಳ್ಳಲು ನೋಡಬಹುದು. ಖಾಲಿ ಗಾಡಿಯ ತೂಕವೇ ಆರ್‌ಸಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ ಇದ್ದ ಕೇಸಿನಲ್ಲಿ ಓನರಿಗೆ ತಿಳಿದೇ ಅಥವಾ ಅವರ ಆಜ್ಞೆಯಿಂದಲೇ ಇದು ನಡೆಯಿತು ಅಂತ ಕೋರ್ಟ್ ಊಹಿಸಬಹುದು ಎಂದು 113ನೇ ಸೆಕ್ಷನ್ ಹೇಳುತ್ತದೆ. ಲೋಡ್ ಜಾಸ್ತಿಯಾದ ಕೇಸಿಗೆ ಆ ಸೆಕ್ಷನ್ ಅಂಥ ಊಹೆ ಕೊಟ್ಟಿಲ್ಲ, ಓನರಿಗೆ ಗೊತ್ತಿತ್ತು ಅಂತ ತೋರಿಸಬೇಕಾಗುತ್ತದೆ. ಅದಕ್ಕೇ ಆ ವಾಟ್ಸ್ಆ್ಯಪ್. "ಜಾಸ್ತಿ ತುಂಬಬೇಡ, ಇಳಿಸಿ ಬಾ" ಅಂತ ಓನರ್ ಬರೆದಿದ್ದರೆ ಅದು ಅವರಿಗೆ ಆಸರೆ. "ಹೊರಡು" ಅಂತ ಬರೆದಿದ್ದರೆ ಅದು ಡ್ರೈವರಿಗೆ ಸಾಕ್ಷಿ.

ಆದರೆ ಆ ಸಾಕ್ಷಿ ಡ್ರೈವರನ್ನು ಪೂರ್ತಿ ಬಿಡಿಸುವುದಿಲ್ಲ. ಓನರ್ ಹೇಳಿದರು ಅಂತ ಓಡಿಸಿದರೂ ಓಡಿಸಿದ್ದು ಓಡಿಸಿದ್ದೇ. ಓವರ್‌ಲೋಡ್ ಓಡಿಸಿದರೆ ಲೈಸೆನ್ಸ್ ಅಮಾನತು ಮಾಡುವ ಅಧಿಕಾರ ಲೈಸೆನ್ಸ್ ಕೊಟ್ಟವರಿಗೆ ಇದೆ. ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಅಂತ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಓನರಿಗೆ ಅಂಥದೇ ಪೆಟ್ಟು ಪರ್ಮಿಟ್ ಕಡೆಯಿಂದ ಬರುತ್ತದೆ. ಪರ್ಮಿಟ್ ಷರತ್ತು ಮುರಿದರೆ ಅದು ಅಮಾನತಾಗಬಹುದು, ರದ್ದೂ ಆಗಬಹುದು. ಕೆಲಸಕ್ಕೆ ಸೇರುವ ದಿನವೇ "ಓವರ್‌ಲೋಡ್ ದಂಡ ಸಂಬಳದಲ್ಲಿ ಮುರಿಯಬಾರದು" ಅಂತ ಡ್ರೈವರ್ ಬರೆಸಿಕೊಳ್ಳಲೇಬೇಕು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

5. ತಡೆದರೆ ಓಡಬೇಡಿ, ಸುರಿಯಬೇಡಿ

ಬ್ರೇಕ್ ಇನ್‌ಸ್ಪೆಕ್ಟರ್ ಗಾಡಿ ಕಂಡ ಕೂಡಲೇ ರಸ್ತೆ ಬದಿಗೆ ಮರಳು ಸುರಿದು ಹಗುರ ಮಾಡಿಕೊಳ್ಳುವ ಚಾಳಿ ಇದೆ. ತೂಕಕ್ಕೆ ಒಪ್ಪದೆ ಹೋದರೆ, ತೂಕದ ಮುಂಚೆ ಲೋಡ್ ಇಳಿಸಿದರೆ ಡ್ರೈವರಿಗೆ 40,000 ರೂಪಾಯಿ ದಂಡ. ನಮ್ಮ ಮೂರು ಟನ್ನಿನ ದಂಡಕ್ಕಿಂತ ಜಾಸ್ತಿ. ಈ ದಂಡಕ್ಕೆ ಓನರಿನ ಕಡೆ ಬೆರಳು ತೋರಿಸಲೂ ಆಗದು. ಹೋಗುವ ದಾರಿಯಲ್ಲಿ 10 ಕಿ.ಮೀ. ಒಳಗಿನ ವೇಬ್ರಿಡ್ಜಿಗೆ ನಡೆ ಅಂದರೆ ಸುಮ್ನೆ ಹೋಗಿ.

ದಂಡ ಕಟ್ಟಿದ ರಸೀದಿ ತೋರಿಸಿ ಅದೇ ಲೋಡಿನಲ್ಲಿ ಮುಂದೆ ಹೋಗಬಹುದು ಅನ್ನುವವರ ಮಾತು ಕೇಳಬೇಡಿ. ಹೆಚ್ಚಿನ ಲೋಡ್ ಇಳಿಸದೆ ಗಾಡಿ ಕದಲುವಂತಿಲ್ಲ. ದಂಡ ಕಟ್ಟಿಸಿಕೊಂಡು ಬಿಟ್ಟುಬಿಡುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2005ರಲ್ಲೇ ತಳ್ಳಿಹಾಕಿದೆ. ಇಳಿಸಿದ ಮಾಲಿನ ಜವಾಬ್ದಾರಿಯೂ ನಿಮ್ಮದೇ, ಇಲಾಖೆಯದ್ದಲ್ಲ. ಹಾಗಾಗಿ ಮೊದಲು ಓನರಿಗೆ ಫೋನ್ ಮಾಡಿ ಇನ್ನೊಂದು ಗಾಡಿ ತರಿಸಿ, ಮರಳನ್ನು ಅದಕ್ಕೆ ದಾಟಿಸಿ. ಆಮೇಲೆ ಮತ್ತೊಮ್ಮೆ ತೂಗಿಸಿ ಹೊಸ ಸ್ಲಿಪ್ ತಗೊಳ್ಳಿ. ಮುಂದಿನ ತಪಾಸಣೆಯಲ್ಲಿ ಕೇಳುವುದು ಅದನ್ನೇ.